ಕೋಡಿ ಬಿದ್ದ ಕಾರ್ಬೊರೇಟರ್

ಹುಳಿಯಾರಿನ ನಮ್ಮ ಗ್ಯಾರೇಜಿಗೆ ಕೆಲಸ ಕಲಿಯಲು ಬಂದ ಹುಡುಗನನ್ನು ನಾನು ಮೊದಲು ಮಾಳಿಗೆ ಹತ್ತಿಸುತ್ತೇನೆ. ಅಲ್ಲಿ ನೀರಿನ ಟ್ಯಾಂಕಿದೆ. ಮುಚ್ಚಳ ತೆಗೆದು ಒಳಗೆ ನೋಡು ಎನ್ನುತ್ತೇನೆ. ಒಂದು ಕಡ್ಡಿಯ ತುದಿಯಲ್ಲಿ ಪ್ಲಾಸ್ಟಿಕ್ ಚೆಂಡು ನೀರಿನ ಮೇಲೆ ತೇಲುತ್ತಿರುತ್ತದೆ. ಕಡ್ಡಿಯ ಇನ್ನೊಂದು ತುದಿ ನೀರು ಬರುವ ಪೈಪಿನ ಬಾಯಲ್ಲಿರುವ ವಾಲ್ವಿಗೆ ಸೇರಿರುತ್ತದೆ. ಚೆಂಡನ್ನು ಕೈಯಿಂದ ಕೆಳಗೆ ಒತ್ತಿದರೆ ನೀರು ಸುರಿಯುತ್ತದೆ, ಬಿಟ್ಟರೆ ನಿಲ್ಲುತ್ತದೆ. ನಾಲ್ಕೈದು ಸಲ ಒತ್ತಿ ಬಿಟ್ಟು ಆಡಲಿ ಎಂದು ಸುಮ್ಮನಿರುತ್ತೇನೆ. ಆಮೇಲೆ ಟ್ಯಾಂಕಿನ ಪಕ್ಕದಲ್ಲಿ, ಮೇಲಂಚಿಗೆ ಸ್ವಲ್ಪ ಕೆಳಗೆ ಇರುವ ಇನ್ನೊಂದು ಪೈಪು ತೋರಿಸುತ್ತೇನೆ. ವಾಲ್ವು ಕೆಟ್ಟು ನೀರು ನಿಲ್ಲದೆ ಹೋದರೆ ಟ್ಯಾಂಕು ತುಂಬಿ ಹೊರಚೆಲ್ಲುವ ಬದಲು ಆ ಪೈಪಿನಿಂದ ಇಳಿದು ಹೋಗಲಿ ಎಂದು ಇಟ್ಟದ್ದು ಅದು. ಬೋರನಕಣಿವೆ ಜಲಾಶಯ ನೋಡಿದ ಹುಡುಗರಿಗೆ ಇದಕ್ಕೆ ಬೇರೆ ಹೆಸರು ಬೇಕಾಗುವುದಿಲ್ಲ. ಕೋಡಿ ಎಂದರೆ ಸಾಕು.

ಮಾಳಿಗೆಯಿಂದ ಇಳಿದ ಮೇಲೆ ಕಾರ್ಬೊರೇಟರ್ ಕೈಗೆ ಕೊಡುತ್ತೇನೆ. ಅದರ ತಳದಲ್ಲಿ ಸ್ಕ್ರೂ ಹಾಕಿ ಕೂರಿಸಿದ ಒಂದು ಬಟ್ಟಲಿದೆ. ಗ್ಯಾರೇಜಿನ ಮಾತಿನಲ್ಲಿ ಬೌಲು. ಪೆಟ್ರೋಲ್ ಟ್ಯಾಂಕಿನಿಂದ ಇಳಿದ ಪೆಟ್ರೋಲು ಎಂಜಿನ್ನಿಗೆ ಹೋಗುವ ಮೊದಲು ಈ ಬಟ್ಟಲಲ್ಲಿ ನಿಲ್ಲುತ್ತದೆ. ಚೆಂಡಿನ ಜಾಗದಲ್ಲಿ ಫ್ಲೋಟು ಇದೆ. ಅದು ಒಂದು ಸಣ್ಣ ಅಡ್ಡ ಪಿನ್ನಿನ ಮೇಲೆ ಬಾಗಿಲು ತಿರುಗಿದ ಹಾಗೆ ಮೇಲೆ ಕೆಳಗೆ ಆಡುತ್ತದೆ. ಅದರ ಬುಡದಲ್ಲಿ ನಾಲಿಗೆಯಂಥ ಒಂದು ತಗಡು. ಆ ನಾಲಿಗೆಯ ಮೇಲೆ ನಿಂತಿರುವುದು ನೀಡಲ್ ವಾಲ್ವು. ಅಂಗಡಿಯಲ್ಲಿ ಫ್ಲೋಟ್ ಪಿನ್ನು ಎಂದು ಕೇಳಿದರೂ ಅದನ್ನೇ ಕೊಡುತ್ತಾರೆ. ಪೆನ್ಸಿಲ್ ಮೊನೆಯ ಹಾಗೆ ಚೂಪಾದ ಅದರ ತುದಿ, ಪೆಟ್ರೋಲು ಬರುವ ಹಿತ್ತಾಳೆ ತೂತಿನೊಳಗೆ ಹೋಗಿ ಕೂರುತ್ತದೆ. ಆ ತೂತಿನ ಅಂಚಿಗೆ ಸೀಟು ಎನ್ನುತ್ತಾರೆ. ಪೆಟ್ರೋಲು ಏರಿದರೆ ಫ್ಲೋಟು ಏರುತ್ತದೆ, ನಾಲಿಗೆ ನೀಡಲನ್ನು ಮೇಲಕ್ಕೆ ಒತ್ತುತ್ತದೆ, ತೂತು ಮುಚ್ಚುತ್ತದೆ. ಎಂಜಿನ್ನು ಪೆಟ್ರೋಲು ಕುಡಿದಂತೆ ಫ್ಲೋಟು ಇಳಿಯುತ್ತದೆ, ತೂತು ತೆರೆಯುತ್ತದೆ. ಬಟ್ಟಲಿನ ಒಳಗೆ ನೆಟ್ಟಗೆ ನಿಂತಿರುವ ಇನ್ನೊಂದು ಸಣ್ಣ ಹಿತ್ತಾಳೆ ಕೊಳವೆ ಇದೆ. ಅದೇ ಕೋಡಿ. ಪೆಟ್ರೋಲು ಅದರ ಬಾಯಿಗಿಂತ ಮೇಲೇರಿದರೆ ಅದರೊಳಗೆ ಬಿದ್ದು ತಳದ ರಬ್ಬರ್ ಪೈಪಿನಿಂದ ನೆಲಕ್ಕೆ ತೊಟ್ಟಿಕ್ಕುತ್ತದೆ.

ಆದ್ದರಿಂದ ಓವರ್‌ಫ್ಲೋ ಪೈಪಿನಿಂದ ಪೆಟ್ರೋಲು ಸೋರುವುದು ಆ ಪೈಪಿನ ರೋಗವಲ್ಲ. ಪೈಪು ತನ್ನ ಕೆಲಸ ಮಾಡುತ್ತಿದೆ. ಮೇಲೆ ಯಾವುದೋ ಒಂದು ಮುಚ್ಚಬೇಕಾದ್ದು ಮುಚ್ಚಿಲ್ಲ. ಇದನ್ನು ತಿಳಿಯದೆ ಹೋದವರೊಬ್ಬರ ಗಾಡಿಯ ಕಥೆಯನ್ನೇ ಇಲ್ಲಿ ಹೇಳುತ್ತೇನೆ, ಏಕೆಂದರೆ ಈ ವಿಷಯದಲ್ಲಿ ಕಲಿಯಬೇಕಾದದ್ದೆಲ್ಲ ಆ ಒಂದೇ ಗಾಡಿಯಲ್ಲಿತ್ತು.

ಅವರು ಚಿಕ್ಕನಾಯಕನಹಳ್ಳಿ ರಸ್ತೆಯ ಕಡೆ ತೆಂಗಿನ ತೋಟ ಇರುವ ರೈತರು. ಗಾಡಿ ಹಳೆಯ ನೂರು ಸಿಸಿ ಬೈಕು. ತೋಟಕ್ಕೂ ಅದೇ, ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೂ ಅದೇ. ರಾತ್ರಿಯೆಲ್ಲ ಪೆಟ್ರೋಲು ತೊಟ್ಟಿಕ್ಕಿ ಬೆಳಗ್ಗೆ ನೆಲ ಒದ್ದೆಯಾಗಿರುತ್ತಿತ್ತಂತೆ. ಅದಕ್ಕೆ ಅವರು ಮಾಡಿದ ಉಪಾಯವೆಂದರೆ, ತೆಂಗಿನ ಗರಿಯ ಕಡ್ಡಿಗೆ ಬಟ್ಟೆ ಸುತ್ತಿ ಪೈಪಿನ ಬಾಯಿಗೆ ಬಿಗಿಯಾಗಿ ತುರುಕಿದ್ದು. ತೊಟ್ಟಿಕ್ಕುವುದು ನಿಂತಿತು. ಮೂರನೆಯ ದಿನ ಗಾಡಿ ತಳ್ಳಿಕೊಂಡು ಬಂದರು.

"ಕಿಕ್ಕರ್ ಇಳಿಯಲ್ಲ ಕಣಪ್ಪ, ಕಲ್ಲು ಹೊಡೆದಂಗಾಗ್ತದೆ" ಎಂದರು.

ನಾನು ಮುಟ್ಟಿದ್ದು ಕಿಕ್ಕರನ್ನಲ್ಲ, ಆಯಿಲ್ ಕಡ್ಡಿಯನ್ನು. ಆಯಿಲು ಮೇಲಿನ ಗೆರೆಯನ್ನು ದಾಟಿ ನಿಂತಿತ್ತು, ನೀರಿನ ಹಾಗೆ ತೆಳ್ಳಗಾಗಿತ್ತು, ಮೂಗಿಗೆ ಹಿಡಿದರೆ ಪೆಟ್ರೋಲ್ ವಾಸನೆ. ಕೋಡಿ ಮುಚ್ಚಿದ ಕೆರೆಯ ನೀರು ಏರಿಯನ್ನು ಹುಡುಕುವ ಹಾಗೆ, ದಾರಿ ಸಿಗದ ಪೆಟ್ರೋಲು ಬಟ್ಟಲಲ್ಲಿ ಏರಿ, ಕಾರ್ಬೊರೇಟರಿನ ಗಂಟಲಿಗೆ ಬಂದು, ಎಂಜಿನ್ನಿನ ಸಿಲಿಂಡರಿಗೆ ಇಳಿದು, ಪಿಸ್ಟನ್ ರಿಂಗುಗಳ ಸಂದಿನಿಂದ ಆಯಿಲಿಗೆ ಸೇರಿತ್ತು. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ದ್ರವವನ್ನು ಆಗುವುದಿಲ್ಲ. ಸಿಲಿಂಡರಿನಲ್ಲಿ ಪೆಟ್ರೋಲು ನಿಂತಿರುವಾಗ ಬಲವಾಗಿ ಒದ್ದಿದ್ದರೆ ಕನೆಕ್ಟಿಂಗ್ ರಾಡು ಬಾಗಬಹುದಿತ್ತು. ತೆಳ್ಳಗಾದ ಆಯಿಲಿನಲ್ಲೇ ತಿಪಟೂರಿಗೆ ಓಡಿಸಿದ್ದರೆ ಕ್ರ್ಯಾಂಕಿನ ಬೇರಿಂಗು ಸವೆಯುತ್ತಿತ್ತು. ಪ್ಲಗ್ ಬಿಚ್ಚಿ, ನಿಧಾನವಾಗಿ ಕಿಕ್ಕರ್ ತುಳಿದು ಸಿಲಿಂಡರಿನಲ್ಲಿದ್ದುದನ್ನು ಹೊರಹಾಕಿ, ಆಯಿಲು ಪೂರ್ತಿ ಬದಲಿಸಬೇಕಾಯಿತು. ಹೊಸಬರು ಇದೊಂದನ್ನು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು: ಓವರ್‌ಫ್ಲೋ ಪೈಪನ್ನು ಯಾವ ಕಾರಣಕ್ಕೂ ಮುಚ್ಚಬಾರದು. ಬೇಕೆಂದೇ ಮುಚ್ಚದಿದ್ದರೂ ಕೆಲವು ಸಲ ಮಣ್ಣಿನ ಗೂಡು ಕಟ್ಟುವ ಕಣಜ ಆ ಪೈಪಿನ ಬಾಯಿಗೆ ಮೆತ್ತಿರುತ್ತದೆ. ತೋಟದ ಶೆಡ್ಡಿನಲ್ಲಿ ವಾರಗಟ್ಟಲೆ ನಿಂತ ಗಾಡಿಯಲ್ಲಿ ಅದನ್ನೂ ನೋಡಿಕೊಳ್ಳಿ.

ಸೋರುವ ಗಾಡಿಯನ್ನು ನಿಲ್ಲಿಸುವ ಜಾಗದ ಬಗ್ಗೆಯೂ ಅವರಿಗೆ ಹೇಳಬೇಕಾಯಿತು. ನಮ್ಮ ಕಡೆಯ ಮನೆಗಳಲ್ಲಿ ಅಟ್ಟದ ಮೇಲೆ ಉಂಡೆ ಕೊಬ್ಬರಿಗೆಂದು ಕಾಯಿಯನ್ನು ತಿಂಗಳುಗಟ್ಟಲೆ ಒಣಗಲು ಬಿಟ್ಟಿರುತ್ತೇವೆ. ಅದೇ ಅಟ್ಟದ ಕೆಳಗೆ, ನಡುಮನೆಯ ಪಕ್ಕ, ರಾತ್ರಿ ಬೈಕು ನಿಲ್ಲಿಸುತ್ತೇವೆ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲೇರಿ ಚದುರುವುದಿಲ್ಲ, ನೆಲ ಹಿಡಿದು ಹರಿದು ಒಲೆಯ ಕಡೆಗೂ ಹೋಗುತ್ತದೆ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುವ ವಸ್ತು ಅದು. ಮೇಲೆ ಎಣ್ಣೆ ತುಂಬಿದ ಕೊಬ್ಬರಿ, ಒಣ ಸಿಪ್ಪೆ. ಸೋರುವ ಗಾಡಿ ರಿಪೇರಿ ಆಗುವವರೆಗೆ ಬಯಲಲ್ಲಿರಲಿ, ಪೆಟ್ರೋಲ್ ಕಾಕ್ ಮುಚ್ಚಿರಲಿ.

ಈಗ ರೋಗ ಹುಡುಕುವ ಕೆಲಸ. ಪೈಪಿಗೆ ತುರುಕಿದ್ದ ಕಡ್ಡಿ ಕಿತ್ತು, ಗಾಡಿಯನ್ನು ನಡುಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸಿದೆ. ಪಕ್ಕದ ಸ್ಟ್ಯಾಂಡಿನಲ್ಲಿ ಗಾಡಿ ವಾಲಿರುವಾಗ ಬಟ್ಟಲಿನ ಪೆಟ್ರೋಲೂ ಒಂದು ಕಡೆಗೆ ವಾಲಿ, ಮಟ್ಟ ಚೂರು ಹೆಚ್ಚಿದ್ದರೂ ಕೋಡಿಗೆ ತಾಗಿಬಿಡುತ್ತದೆ. ನೆಟ್ಟಗೆ ನಿಂತಾಗಲೂ ಸೋರುತ್ತದೆಯೇ ಎನ್ನುವುದು ಮುಖ್ಯ. ಸೋರಿತು. ಪೈಪಿನ ಕೆಳಗೆ ಮಕ್ಕಳ ಔಷಧಿ ಬಾಟಲಿಯ ಜೊತೆ ಬರುವ ಅಳತೆ ಮುಚ್ಚಳ ಹಿಡಿದು ಗಡಿಯಾರ ನೋಡಿದೆ. ತುಂಬಿ ತುಂಬಿ ಸುರಿದು ಲೆಕ್ಕ ಹಾಕಿದರೆ 10 ನಿಮಿಷಕ್ಕೆ 12 ಮಿಲಿ ಲೀಟರ್. ಗಂಟೆಗೆ 72. ರಾತ್ರಿಯ ಎಂಟು ಗಂಟೆಗೆ ಅರ್ಧ ಲೀಟರಿಗಿಂತ ಹೆಚ್ಚು.

ಅಳೆದದ್ದು ಅವರ ನಷ್ಟದ ಲೆಕ್ಕ ತೋರಿಸಲು ಅಲ್ಲ. ಅವರು ಒಂದು ಒಳ್ಳೆಯ ಪ್ರಶ್ನೆ ಕೇಳಿದ್ದರು: "ಓಡಿಸುವಾಗ ಒಂದು ಹನಿಯೂ ಬೀಳಲ್ಲ, ನಿಲ್ಲಿಸಿದ್ರೆ ಮಾತ್ರ ಯಾಕೆ?" ಉತ್ತರ ಆ 72ರಲ್ಲೇ ಇದೆ. ಗಂಟೆಗೆ 40 ಕಿಲೋಮೀಟರ್ ಓಡುವ ಗಾಡಿ ಲೀಟರಿಗೆ 60 ಕೊಟ್ಟರೆ, ಆ ಒಂದು ಗಂಟೆಯಲ್ಲಿ ಎಂಜಿನ್ನು 660 ಮಿಲಿಗಿಂತ ಹೆಚ್ಚು ಕುಡಿದಿರುತ್ತದೆ. ವಾಲ್ವು ಬಿಗಿಯಾಗಿ ಮುಚ್ಚದೆ ಗಂಟೆಗೆ 72 ಮಿಲಿ ಬಿಡುತ್ತಿದ್ದರೂ ಅದನ್ನೂ ಸೇರಿಸಿ ಕುಡಿದುಬಿಡುತ್ತದೆ, ಬಟ್ಟಲು ತುಂಬುವುದೇ ಇಲ್ಲ. ಎಂಜಿನ್ನು ನಿಂತಾಗ ಕುಡಿಯುವವರಿಲ್ಲ, ಬರುವುದು ನಿಂತಿಲ್ಲ, ಕೋಡಿ ಬೀಳುತ್ತದೆ. ನಿಂತಾಗ ಮಾತ್ರ ಸೋರುವ ಗಾಡಿ ಎಂದ ಕೂಡಲೇ ಸಣ್ಣ ಸೋರಿಕೆಯ ವಾಲ್ವು ಎಂದು ಊಹಿಸಬಹುದು. ಓಡುವಾಗಲೂ ಧಾರೆಯಾಗಿ ಬೀಳುತ್ತಿದ್ದರೆ ಫ್ಲೋಟು ಸಿಕ್ಕಿಕೊಂಡಿದೆ, ಮುಳುಗಿದೆ, ಇಲ್ಲವೇ ನೀಡಲ್ ಅಡಿಯಲ್ಲಿ ಏನೋ ದೊಡ್ಡದು ಕೂತಿದೆ.

ನಂತರ ಸ್ಕ್ರೂಡ್ರೈವರಿನ ಹಿಡಿಯಿಂದ ಬಟ್ಟಲಿನ ಪಕ್ಕಕ್ಕೆ ಮೆಲ್ಲಗೆ ನಾಲ್ಕು ಸಲ ತಟ್ಟಿದೆ. ಸೋರುವುದು ನಿಂತಿತು. ಇಲ್ಲಿಗೇ ಗಾಡಿ ಕೊಟ್ಟು ಕಳಿಸುವವರು ಬಹಳ ಮಂದಿ. ತಟ್ಟಿದರೆ ನಿಲ್ಲುವುದು ನೀಡಲ್ ತುದಿಯಲ್ಲಿ ಕಸ ಇದ್ದಾಗ ಆಗುವ ಸಂಗತಿ. ಅವರ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ರಬ್ಬರು ಹೋಗಿತ್ತು, ಗಾಡಿ ನಾರಿನ ಹುಡಿಯ ಪಕ್ಕದಲ್ಲೇ ನಿಲ್ಲುತ್ತಿತ್ತು. ಕಸವೇ ಇರಬೇಕೆಂದು ನಾನೂ ಅಂದುಕೊಂಡೆ. ಡ್ರೈನ್ ಸ್ಕ್ರೂ ಸಡಿಲಿಸಿ, ಕೆಳಗೆ ಬಾಟಲಿ ಇಟ್ಟು, ಕಾಕ್ ತೆರೆದು ಕೆಲವು ಸೆಕೆಂಡು ಪೆಟ್ರೋಲು ಹರಿಯಲು ಬಿಟ್ಟೆ. ಬಟ್ಟಲು ತೊಳೆದು ನಾರಿನ ಪುಡಿ, ತುಕ್ಕಿನ ಕೆಂಪು ಕಣ ಎರಡೂ ಬಂದವು. ಸೋರಲಿಲ್ಲ. ಗಾಡಿ ಹೋಯಿತು. ಮೂರು ದಿನ ಬಿಟ್ಟು, ಟ್ಯಾಂಕು ತುಂಬಿಸಿದ ರಾತ್ರಿಯೇ ಮತ್ತೆ ಸೋರಿತು.

ಟ್ಯಾಂಕು ತುಂಬಿದಾಗ ಏಕೆ ಎಂದು ಯೋಚಿಸಿದರೆ ಈ ವಾಲ್ವು ಎಷ್ಟು ಸೂಕ್ಷ್ಮದ್ದೆಂದು ತಿಳಿಯುತ್ತದೆ. ಟ್ಯಾಂಕಿನ ಪೆಟ್ರೋಲಿನ ಮಟ್ಟ ಕಾರ್ಬೊರೇಟರಿಗಿಂತ 30 ಸೆಂಟಿಮೀಟರ್ ಮೇಲಿದೆ ಎಂದು ಇಟ್ಟುಕೊಳ್ಳಿ. ಪೆಟ್ರೋಲು ನೀರಿಗಿಂತ ಹಗುರ, ಒಂದು ಘನ ಸೆಂಟಿಮೀಟರಿಗೆ ಸುಮಾರು ಮುಕ್ಕಾಲು ಗ್ರಾಂ. ಸೀಟಿನ ತೂತು 2 ಮಿಲಿಮೀಟರ್ ಅಗಲ ಇದ್ದರೆ ನೀಡಲ್ ತುದಿಯ ಮೇಲೆ ಬೀಳುವ ಒತ್ತಡ ಒಂದು ಗ್ರಾಂ ಕೂಡ ಇಲ್ಲ, ಸುಮಾರು 0.7 ಗ್ರಾಂ. ಅಷ್ಟನ್ನು ತಡೆದು ನಿಲ್ಲಲು ಫ್ಲೋಟಿಗೂ ದೊಡ್ಡ ಶಕ್ತಿ ಕೊಟ್ಟಿಲ್ಲ. ಎರಡು ಕಡೆಯೂ ಗ್ರಾಂ ಲೆಕ್ಕದ ಬಲ. ಹಾಗಿರುವಾಗ ಟ್ಯಾಂಕಿನ ಮಟ್ಟ ಒಂದು ಗೇಣು ಹೆಚ್ಚಾದರೂ ವ್ಯತ್ಯಾಸವಾಗುತ್ತದೆ, ಒಂದು ನಾರಿನ ಎಳೆ ಅಡ್ಡ ಬಂದರೂ ವ್ಯತ್ಯಾಸವಾಗುತ್ತದೆ. ಅರ್ಧ ಟ್ಯಾಂಕಿನಲ್ಲಿ ಸೋರದ ಗಾಡಿ ಪೂರ್ತಿ ಟ್ಯಾಂಕಿನಲ್ಲಿ ಸೋರಿದರೆ ವಾಲ್ವು ಅಂಚಿನಲ್ಲಿದೆ ಎಂದೇ ಅರ್ಥ.

ಈ ಸಲ ನಾನು ಪಾರದರ್ಶಕ ಪೈಪಿನ ಪರೀಕ್ಷೆ ಮಾಡಿದೆ. ಇದನ್ನು ಮೊದಲ ದಿನವೇ ಮಾಡಬೇಕಿತ್ತು. ಡ್ರೈನಿನ ಮೂತಿಗೆ ಒಂದು ಅಡಿ ಪಾರದರ್ಶಕ ಪೈಪು ಹಾಕಿ, ಅದನ್ನು ಬಟ್ಟಲಿನ ಪಕ್ಕಕ್ಕೆ ಒರಗಿಸಿ ಮೇಲ್ಮುಖವಾಗಿ ಹಿಡಿಯಬೇಕು. ಡ್ರೈನ್ ಸ್ಕ್ರೂ ಸಡಿಲಿಸಿ ಕಾಕ್ ತೆರೆದರೆ ಬಟ್ಟಲಿನೊಳಗಿನ ಮಟ್ಟವೇ ಹೊರಗೆ ಪೈಪಿನಲ್ಲಿ ಕಾಣುತ್ತದೆ. ಮೇಸ್ತ್ರಿಗಳು ಗೋಡೆಯ ಮಟ್ಟ ನೋಡುವ ನೀರಿನ ಟ್ಯೂಬು ನೋಡಿದ್ದೀರಲ್ಲ, ಅದೇ. ಮಟ್ಟ ಸಾಮಾನ್ಯವಾಗಿ ಬಟ್ಟಲೂ ಮೇಲಿನ ಬಾಡಿಯೂ ಸೇರುವ ಗೆರೆಗಿಂತ ಕೆಲವು ಮಿಲಿಮೀಟರ್ ಕೆಳಗೆ ನಿಲ್ಲಬೇಕು. ಎಲ್ಲಿ ನಿಲ್ಲುತ್ತದೆ ಎನ್ನುವುದರಷ್ಟೇ ಮುಖ್ಯವಾದದ್ದು, ನಿಲ್ಲುತ್ತದೆಯೇ ಎನ್ನುವುದು.

ನಾನು ಹೇಳಬೇಕೆಂದಿರುವ ಮಾತೇ ಇದು. ಫ್ಲೋಟಿನ ಎತ್ತರ ಬೇರೆ, ನೀಡಲಿನ ಬಿಗಿ ಬೇರೆ. ವಾಲ್ವು ಎಲ್ಲಿ ಮುಚ್ಚಬೇಕು ಎಂದು ಹೇಳುವುದು ಎತ್ತರ. ಮುಚ್ಚಿದ ಮೇಲೆ ಹನಿ ಬಿಡದೆ ತಡೆಯುವುದು ಬಿಗಿ. ಎತ್ತರ ತಪ್ಪಿ ಬಿಗಿ ಸರಿಯಿದ್ದರೆ ಪೈಪಿನಲ್ಲಿ ಪೆಟ್ರೋಲು ಏರಬೇಕಾದ್ದಕ್ಕಿಂತ ಮೇಲೇರಿ, ಅಲ್ಲಿ ಗಟ್ಟಿಯಾಗಿ ನಿಂತುಬಿಡುತ್ತದೆ. ಬಿಗಿ ಹೋಗಿದ್ದರೆ ಸರಿಯಾದ ಜಾಗದಲ್ಲಿ ನಿಂತ ಹಾಗೆ ಕಂಡು, ಆಮೇಲೆ ಬೆಳಗಿನ ನೆರಳು ಸರಿದ ಹಾಗೆ ಮೇಲೆ ಮೇಲೆ ಹೋಗುತ್ತಲೇ ಇರುತ್ತದೆ. ಮಟ್ಟವೂ ಸರಿ, ನಿಂತೂ ನಿಂತಿದೆ, ಆದರೂ ಕೆಳಗೆ ಸೋರುತ್ತಿದೆ ಎಂದರೆ ಇವೆರಡೂ ಅಲ್ಲ. ಡ್ರೈನ್ ಸ್ಕ್ರೂ ಸರಿಯಾಗಿ ಕೂತಿಲ್ಲ ಅಥವಾ ಒಳಗಿನ ಹಿತ್ತಾಳೆ ಕೊಳವೆ ಬುಡದಲ್ಲಿ ಬಿರುಕು ಬಿಟ್ಟಿದೆ. ಅನೇಕ ಕಾರ್ಬೊರೇಟರುಗಳಲ್ಲಿ ಡ್ರೈನಿಗೂ ಓವರ್‌ಫ್ಲೋಗೂ ಹೊರಗಿನ ಮೂತಿ ಒಂದೇ, ಹಾಗಾಗಿ ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಥರ ಕಾಣುತ್ತದೆ. ಬಟ್ಟಲು ಬಿಚ್ಚಿ, ಅಂಗೈ ಮೇಲೆ ನೆಟ್ಟಗೆ ಹಿಡಿದು, ಕೊಳವೆಯ ಬಾಯಿಗೆ ಸ್ವಲ್ಪ ಕೆಳಗಿನವರೆಗೆ ಪೆಟ್ರೋಲು ಹಾಕಿ ಕಾಯಿರಿ. ಮೂತಿಯಲ್ಲಿ ಹನಿ ಕೂಡಿದರೆ ನೀಡಲ್ ಬದಲಿಸಿ ಪ್ರಯೋಜನವಿಲ್ಲ.

ಆ ಗಾಡಿಯ ಪೈಪಿನಲ್ಲಿ ಪೆಟ್ರೋಲು ಗೆರೆಗಿಂತ ಮೂರು ಮಿಲಿಮೀಟರ್ ಕೆಳಗೆ ಬಂದು ತಡೆಯಿತು. ಪಕ್ಕದಲ್ಲಿದ್ದ ಹುಡುಗ "ನಿಂತಿತಣ್ಣ" ಎಂದ. ಕೈ ತೆಗೆಯಬೇಡ ಎಂದೆ. ನಾಲ್ಕು ನಿಮಿಷ ಆಗುವಷ್ಟರಲ್ಲಿ ಗೆರೆ ದಾಟಿತು. ಕಾಕ್ ಮುಚ್ಚಿಸಿದೆ. ಬಿಗಿ ಹೋಗಿದೆ ಎಂಬುದು ಖಚಿತವಾಯಿತು, ಇನ್ನು ಬಿಚ್ಚಬಹುದು.

ಬಿಚ್ಚುವ ಮೊದಲು ಬಟ್ಟಲಿನ ಪೆಟ್ರೋಲನ್ನು ಬಾಟಲಿಗೆ ಇಳಿಸಿ ದೂರ ಇಡಬೇಕು. ಹತ್ತಿರದಲ್ಲಿ ಬೀಡಿ, ವೆಲ್ಡಿಂಗು, ಗ್ರೈಂಡರು ಯಾವುದೂ ಇರಬಾರದು. ಬಟ್ಟಲಿನ ಸ್ಕ್ರೂಗಳಿಗೆ ತಲೆಗೆ ಸರಿಹೊಂದುವ ಸ್ಕ್ರೂಡ್ರೈವರೇ ಬೇಕು, ತಲೆ ತಿರುಗಿದರೆ ಆಮೇಲೆ ಕಷ್ಟ. ಬಟ್ಟಲು ಬಂದ ಮೇಲೆ ಫ್ಲೋಟಿನ ಅಡ್ಡ ಪಿನ್ನನ್ನು ಸಣ್ಣ ಮೊಳೆಯಿಂದ ಮೆಲ್ಲಗೆ ತಳ್ಳಿ ತೆಗೆಯಬೇಕು. ಆ ಪಿನ್ನನ್ನು ಹಿಡಿದಿರುವ ಎರಡು ಕಂಬಗಳು ಅಲ್ಯೂಮಿನಿಯಂ ಜಾತಿಯ ಎರಕ. ಸುತ್ತಿಗೆ ಎತ್ತಿದರೆ ಮುರಿಯುತ್ತವೆ, ಮುರಿದರೆ ಕಾರ್ಬೊರೇಟರೇ ಹೋಯಿತು. ಒಂದು ಕಡೆಯಿಂದ ಬರದಿದ್ದರೆ ಇನ್ನೊಂದು ಕಡೆಯಿಂದ ತಳ್ಳಿ ನೋಡಿ. ಪಿನ್ನು ಬಂದರೆ ಫ್ಲೋಟು, ನೀಡಲ್ ಎರಡೂ ಒಟ್ಟಿಗೆ ಕೈಗೆ ಬರುತ್ತವೆ.

ಮೊದಲು ಫ್ಲೋಟನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಎಳನೀರಿನ ಕಾಯಿ ಅಲ್ಲಾಡಿಸಿ ನೋಡುವುದು ನಮ್ಮ ಊರಿನ ಮಕ್ಕಳಿಗೆ ಹೇಳಿಕೊಡಬೇಕಿಲ್ಲ. ಒಳಗೆ ಕುಲುಕಿದರೆ ಪೆಟ್ರೋಲು ಹೊಕ್ಕಿದೆ, ಅಂಥ ಫ್ಲೋಟು ಪೂರ್ತಿ ತೇಲುವುದಿಲ್ಲ. ಅನುಮಾನವಿದ್ದರೆ ಬಿಸಿನೀರಿನಲ್ಲಿ ಮುಳುಗಿಸಿ ಹಿಡಿಯಿರಿ. ಒಳಗಿನ ಗಾಳಿ ಹಿಗ್ಗಿ ತೂತಿರುವ ಕಡೆ ಗುಳ್ಳೆ ಬರುತ್ತದೆ. ನೀರು ಒಲೆಯ ಮೇಲಿರಬಾರದು, ಇಳಿಸಿ ತಂದದ್ದಾಗಿರಬೇಕು. ಫ್ಲೋಟಿನ ಪಕ್ಕದಲ್ಲಿ ಉಜ್ಜಿದ ಹೊಳಪು ಕಂಡರೆ ಅದು ಬಟ್ಟಲಿನ ಗೋಡೆಗೆ ತಾಗುತ್ತಿದೆ. ಈ ಗಾಡಿಯ ಫ್ಲೋಟು ಚೆನ್ನಾಗಿತ್ತು.

ನೀಡಲನ್ನು ಬೆಳಕಿಗೆ ಹಿಡಿದೆ. ಹೊಸ ನೀಡಲಿನ ತುದಿ ನುಣುಪಾದ ಶಂಕುವಿನಂತಿರುತ್ತದೆ. ಇದರ ತುದಿಯ ಸುತ್ತ ಉಂಗುರ ಹಾಕಿದ ಹಾಗೆ ಒಂದು ಗೆರೆ. ಉಗುರು ಎಳೆದರೆ ಅದರಲ್ಲಿ ಸಿಕ್ಕಿ ನಿಲ್ಲುತ್ತಿತ್ತು. ಕೆಟ್ಟ ರಸ್ತೆಯಲ್ಲಿ ಗಾಡಿ ಕುಲುಕುವಾಗಲೆಲ್ಲ ನೀಡಲ್ ಸೀಟಿಗೆ ಬಡಿದು ಬಡಿದು ಅದೇ ಜಾಗದಲ್ಲಿ ಸವೆಯುತ್ತದೆ. ಗೆರೆ ಬಿದ್ದ ಮೇಲೆ ನೀಡಲ್ ಚೂರು ತಿರುಗಿ ಅಥವಾ ಓರೆಯಾಗಿ ಕೂತರೂ ಹಳೆಯ ಹಳ್ಳ ಸೀಟಿನ ಅಂಚಿಗೆ ಸರಿಹೊಂದದೆ ಸಂದು ಬಿಡುತ್ತದೆ. ತಟ್ಟಿದಾಗ ನಿಂತದ್ದೂ ಇದರಿಂದಲೇ: ಕಸ ಹೋದದ್ದು ಸ್ವಲ್ಪ, ನೀಡಲ್ ತನ್ನ ಹಳ್ಳಕ್ಕೆ ಸರಿಯಾಗಿ ಕೂತದ್ದು ಸ್ವಲ್ಪ. ನೀಡಲಿನ ಬಾಲದಲ್ಲಿ ಸ್ಪ್ರಿಂಗಿನ ಮೇಲೆ ಕೂತ ಒಂದು ಸಣ್ಣ ಗುಂಡಿ ಇರುತ್ತದೆ, ಕುಲುಕಾಟದ ಏಟನ್ನು ನುಂಗಲು. ಒತ್ತಿ ಬಿಟ್ಟರೆ ಅದು ಚಿಮ್ಮಿ ಬರಬೇಕು. ಇದರದ್ದು ಅರ್ಧಕ್ಕೆ ಸಿಕ್ಕಿಕೊಂಡಿತ್ತು.

ತುದಿಯಲ್ಲಿ ರಬ್ಬರ್ ಜಾತಿಯ ವಸ್ತು ಇರುವ ನೀಡಲುಗಳು ಗಡುಸಾಗಿಯೂ ಕೆಡುತ್ತವೆ, ಉಬ್ಬಿಯೂ ಕೆಡುತ್ತವೆ. ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯ ಬಟ್ಟಲಲ್ಲಿ ನೀರು ತಳ ಸೇರಿ, ಹಿತ್ತಾಳೆಯ ಮೇಲೆ ಬಿಳಿ ಹಸಿರು ಹಕ್ಕಳೆ ಕಟ್ಟಿರುತ್ತದೆ. ಸೀಟಿನ ಮೇಲೂ ಅದೇ ಕೂತರೆ ಹೊಸ ನೀಡಲ್ ಕೂಡ ಹಿಡಿಯುವುದಿಲ್ಲ. ಸೀಟನ್ನು ಕಡ್ಡಿಗೆ ಹತ್ತಿ ಸುತ್ತಿ ಕಾರ್ಬೊರೇಟರ್ ಕ್ಲೀನರಿನಿಂದ ಒರೆಸಬೇಕು, ಅಷ್ಟೇ. ಮರಳು ಕಾಗದವಾಗಲಿ, ಎಂಜಿನ್ ವಾಲ್ವಿಗೆ ಹಾಕುವ ಗ್ರೈಂಡಿಂಗ್ ಪೇಸ್ಟ್ ಆಗಲಿ ಅದಕ್ಕೆ ತಾಗಿಸಬಾರದು. ಕೆಲವು ಕಾರ್ಬೊರೇಟರುಗಳಲ್ಲಿ ಸೀಟು ಮರೆಯಿಂದ ಬಿಚ್ಚಿ ಬರುತ್ತದೆ, ನೀಡಲಿನ ಜೊತೆಗೇ ಬದಲಿಸಬಹುದು. ಕೆಲವದರಲ್ಲಿ ಬಾಡಿಗೆ ಒತ್ತಿ ಕೂರಿಸಿರುತ್ತಾರೆ, ಅದು ಗೀರಿದರೆ ಬೇರೆ ದಾರಿಯಿಲ್ಲ.

ಈಗ ಎತ್ತರ. ಕಾರ್ಬೊರೇಟರನ್ನು ತಲೆಕೆಳಗು ಹಿಡಿದು, ಬಟ್ಟಲಿನ ಗ್ಯಾಸ್ಕೆಟ್ ತೆಗೆದು, ಫ್ಲೋಟಿನ ನಾಲಿಗೆ ನೀಡಲಿನ ಬಾಲದ ಗುಂಡಿಗೆ ತಾಗಿಯೂ ತಾಗದಂತೆ ಇರುವಷ್ಟು ಓರೆ ಮಾಡಬೇಕು. ಪೂರ್ತಿ ತಲೆಕೆಳಗು ಹಿಡಿದರೆ ಫ್ಲೋಟಿನ ಭಾರಕ್ಕೆ ಆ ಸ್ಪ್ರಿಂಗು ಕುಗ್ಗಿ ಅಳತೆ ತಪ್ಪುತ್ತದೆ. ಆ ಸ್ಥಿತಿಯಲ್ಲಿ ಬಾಡಿಯ ಮಟ್ಟಸ ಮುಖದಿಂದ ಫ್ಲೋಟಿನ ತುತ್ತತುದಿಯವರೆಗೆ ಎಷ್ಟು ಮಿಲಿಮೀಟರ್ ಎಂದು ಅಳೆಯಬೇಕು. ಅದೇ ಫ್ಲೋಟಿನ ಎತ್ತರ. ಸರಿಯಾದ ಸಂಖ್ಯೆ ಆಯಾ ಗಾಡಿಯ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಒಂದರ ಸಂಖ್ಯೆ ಇನ್ನೊಂದಕ್ಕೆ ಹೊಂದುವುದಿಲ್ಲ.

ಇಲ್ಲಿ ಹೊಸಬರೆಲ್ಲ ಒಂದು ಸಲ ಎಡವುತ್ತಾರೆ. ಅಳತೆ ಹೆಚ್ಚಿದ್ದರೆ ಪೆಟ್ರೋಲು ಹೆಚ್ಚು ಎಂದುಕೊಳ್ಳುತ್ತಾರೆ. ಉಲ್ಟಾ. ತಲೆಕೆಳಗು ಹಿಡಿದಾಗ ಫ್ಲೋಟು ಬಾಡಿಗೆ ಹತ್ತಿರ ಬಂದ ಮೇಲೆ ವಾಲ್ವು ಮುಚ್ಚಿದರೆ, ಗಾಡಿಯಲ್ಲಿ ನೆಟ್ಟಗೆ ಕೂತಾಗ ಫ್ಲೋಟು ಅಷ್ಟು ಮೇಲೇರಿದ ನಂತರವೇ ಮುಚ್ಚುತ್ತದೆ. ಅಂದರೆ ಅಳತೆ ಕಡಿಮೆಯಾದಷ್ಟೂ ಬಟ್ಟಲಲ್ಲಿ ಪೆಟ್ರೋಲು ಹೆಚ್ಚು. ಫ್ಲೋಟನ್ನು ಬೆರಳಲ್ಲಿ ಆಡಿಸುತ್ತಾ, ಕಾರ್ಬೊರೇಟರನ್ನು ಒಮ್ಮೆ ನೆಟ್ಟಗೆ ಒಮ್ಮೆ ತಲೆಕೆಳಗು ಮಾಡಿ ಹತ್ತು ನಿಮಿಷ ಕೂತರೆ ಇದು ಕೈಗೆ ಅರ್ಥವಾಗುತ್ತದೆ. ನೀಡಲ್ ಸವೆದಾಗ ಆಗುವುದೂ ಇದೇ. ತುದಿ ಸವೆದ ನೀಡಲ್ ಗಿಡ್ಡವಾಗುತ್ತದೆ, ಅದು ಸೀಟು ಮುಟ್ಟಲು ಫ್ಲೋಟು ಇನ್ನಷ್ಟು ಏರಬೇಕು. ಫ್ಲೋಟಿನ ತೋಳು ಉದ್ದ, ನಾಲಿಗೆಯ ಕಡೆ ಗಿಡ್ಡ. ಒಂದಕ್ಕೆ ಮೂರರ ಲೆಕ್ಕ ಇದ್ದರೆ ನೀಡಲಿನಲ್ಲಿ ಅರ್ಧ ಮಿಲಿಮೀಟರ್ ಸವೆದದ್ದು ಫ್ಲೋಟಿನಲ್ಲಿ ಒಂದೂವರೆ ಮಿಲಿಮೀಟರ್ ಆಗಿ ಕಾಣುತ್ತದೆ.

ಆ ಗಾಡಿಗೆ ಬೇಕಾದದ್ದು 14 ಮಿಲಿಮೀಟರ್. ಹಳೆಯ ನೀಡಲಿನೊಂದಿಗೆ ಬಂದದ್ದು 13.5. ಅರ್ಧ ಮಿಲಿಮೀಟರ್ ಕಡಿಮೆ ಎಂದರೆ ಮಟ್ಟ ಸ್ವಲ್ಪ ಮೇಲೆ, ಅದೊಂದರಿಂದಲೇ ಕೋಡಿ ಬೀಳುವುದಿಲ್ಲ. ಹುಡುಗನಿಗೆ ಆಶ್ಚರ್ಯ. ಇಷ್ಟು ಸವೆದ ನೀಡಲಿಗೆ ಎತ್ತರ ಇನ್ನೂ ತಪ್ಪಿರಬೇಕಿತ್ತಲ್ಲ ಎಂದ. ಸರಿಯಾಗಿಯೇ ಕೇಳಿದ್ದ. ಹೊಸ ನೀಡಲ್ ಹಾಕಿ ಮತ್ತೆ ಅಳೆದಾಗ 15 ಬಂತು. ಹಿಂದೆ ಯಾರೋ ಇದೇ ಸೋರಿಕೆಗೆ ನೀಡಲ್ ಬದಲಿಸದೆ ನಾಲಿಗೆಯನ್ನು ಬಗ್ಗಿಸಿ ಸರಿಮಾಡಿದ್ದರು. ಆಗ ಕೆಲವು ತಿಂಗಳು ನಿಂತಿರಬಹುದು. ನೀಡಲ್ ಸವೆಯುತ್ತಲೇ ಹೋಯಿತು, ಬಿಗಿ ಹೋಯಿತು. ಎತ್ತರ ಬಗ್ಗಿಸಿ ಬಿಗಿಯನ್ನು ತರಲಾಗುವುದಿಲ್ಲ. ಈಗ ಹೊಸ ನೀಡಲ್ ಹಾಕಿ 15ರಲ್ಲೇ ಬಿಟ್ಟಿದ್ದರೆ ಸೋರುವುದು ನಿಲ್ಲುತ್ತಿತ್ತು, ಆದರೆ ಬಟ್ಟಲಲ್ಲಿ ಪೆಟ್ರೋಲು ಕಡಿಮೆಯಾಗಿ, ಎರಡು ಮೂಟೆ ಕೊಬ್ಬರಿ ಹೇರಿ ಏರು ಹತ್ತುವಾಗ ಗಾಡಿ ಮುಗ್ಗರಿಸುತ್ತಿತ್ತು. ಆಗ ಅವರು ಪ್ಲಗ್ಗು, ಕಾಯಿಲ್ಲು ಬದಲಿಸುತ್ತಾ ಅಲೆಯಬೇಕಾಗುತ್ತಿತ್ತು.

ನಾಲಿಗೆ ಬಗ್ಗಿಸುವಾಗ ನೀಡಲಿನ ಮೇಲೆ ಒತ್ತಿ ಬಗ್ಗಿಸಬಾರದು, ಹೊಸ ತುದಿ ಅಲ್ಲೇ ಹಾಳಾಗುತ್ತದೆ. ಫ್ಲೋಟನ್ನು ಹೊರತೆಗೆದು, ಸಣ್ಣ ಇಕ್ಕಳದಿಂದ ಕೂದಲೆಳೆಯಷ್ಟು. ನಾಲಿಗೆ ನೀಡಲಿನ ಕಡೆಗೆ ಬಾಗಿದರೆ ವಾಲ್ವು ಬೇಗ ಮುಚ್ಚುತ್ತದೆ, ಮಟ್ಟ ಇಳಿಯುತ್ತದೆ. ನೀಡಲಿನಿಂದ ದೂರ ಬಾಗಿದರೆ ಮಟ್ಟ ಏರುತ್ತದೆ. ನಮಗೆ ದೂರ ಬೇಕಿತ್ತು. ಬಗ್ಗಿಸಿ, ಹಾಕಿ, ಅಳೆದು, ಮತ್ತೆ ತೆಗೆದು, ನಾಲ್ಕನೆಯ ಸಲಕ್ಕೆ 14 ಬಂತು. ಪೂರ್ತಿ ಪ್ಲಾಸ್ಟಿಕ್ಕಿನ ಫ್ಲೋಟಾಗಿದ್ದರೆ ನಾಲಿಗೆಯೂ ಪ್ಲಾಸ್ಟಿಕ್, ಬಗ್ಗಿಸಲು ಬರುವುದಿಲ್ಲ. ಅಂಥದ್ದರಲ್ಲಿ ಎತ್ತರ ತಪ್ಪಿದರೆ ನೀಡಲ್ ಅಥವಾ ಫ್ಲೋಟು ಬದಲಿಸುವುದೊಂದೇ ದಾರಿ.

ಬಟ್ಟಲು ಮುಚ್ಚುವ ಮೊದಲು ಬಿಗಿಯನ್ನು ಮೇಜಿನ ಮೇಲೇ ನೋಡಬಹುದು. ಪೆಟ್ರೋಲು ಬರುವ ಮೂತಿಗೆ ಪೈಪು ಹಾಕಿ, ಕಾರ್ಬೊರೇಟರ್ ತಲೆಕೆಳಗು ಮಾಡಿದರೆ ಫ್ಲೋಟು ತನ್ನ ಭಾರಕ್ಕೇ ವಾಲ್ವನ್ನು ಮುಚ್ಚುತ್ತದೆ. ಸೂಜಿಯಿಲ್ಲದ ಸಿರಿಂಜಿನಿಂದ ಮೆಲ್ಲಗೆ ಗಾಳಿ ತಳ್ಳಿ. ಹೋಗಬಾರದು. ಫ್ಲೋಟನ್ನು ಬೆರಳಿನಿಂದ ಎತ್ತಿದರೆ ಹೋಗಬೇಕು. ಬಾಯಿಂದ ಊದುವ ಅಭ್ಯಾಸ ಬೇಡ, ಪೆಟ್ರೋಲು ಬಾಯಿಗೆ ಬರುತ್ತದೆ. ಜೋರಾಗಿ ತಳ್ಳಲೂ ಬೇಡ, ಒಂದು ಗ್ರಾಂ ತಡೆಯುವ ವಾಲ್ವು ಎಂದು ಆಗಲೇ ನೋಡಿದೆವಲ್ಲ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಹಳೆಯ ಜಾವಾ ಗಾಡಿ ಇಟ್ಟುಕೊಂಡವರು ಈ ಲೇಖನ ಓದಿದರೆ, ಸೋರುವುದೆಲ್ಲ ರೋಗ ಎಂದುಕೊಳ್ಳಬಾರದು. ಅವುಗಳ ಕಾರ್ಬೊರೇಟರಿನ ಮೇಲೆ ಟಿಕ್ಲರ್ ಎಂಬ ಗುಂಡಿ ಇದೆ. ಚಳಿಯಲ್ಲಿ ಸ್ಟಾರ್ಟ್ ಮಾಡುವ ಮೊದಲು ಅದನ್ನು ಒತ್ತಿದರೆ ಅದು ಫ್ಲೋಟನ್ನು ಕೆಳಗೆ ತಳ್ಳಿ, ಬಟ್ಟಲು ಬೇಕೆಂದೇ ತುಂಬಿ ತುಳುಕುವಂತೆ ಮಾಡುತ್ತದೆ. ಒತ್ತಿದಾಗ ತೊಟ್ಟಿಕ್ಕಿದರೆ ಸರಿ, ಬಿಟ್ಟ ಮೇಲೂ ತೊಟ್ಟಿಕ್ಕಿದರೆ ಮೇಲೆ ಹೇಳಿದ ದಾರಿ ಹಿಡಿಯಿರಿ. ಇನ್ನು 2020ರ ಏಪ್ರಿಲ್‌ನಿಂದ ಬಿಎಸ್‌6 ನಿಯಮ ಬಂದ ಮೇಲಿನ ಬೈಕುಗಳಲ್ಲಿ ಹೆಚ್ಚಿನವಕ್ಕೆ ಫ್ಯೂಯೆಲ್ ಇಂಜೆಕ್ಷನ್ ಇದೆ, ಬಟ್ಟಲೂ ಇಲ್ಲ ಫ್ಲೋಟೂ ಇಲ್ಲ. ತೋಟದಲ್ಲಿ ಹುಲ್ಲು ಕತ್ತರಿಸುವ ಹೆಗಲ ಮೇಲಿನ ಯಂತ್ರಗಳಲ್ಲೂ ಸಾಮಾನ್ಯವಾಗಿ ಫ್ಲೋಟಿನ ಬದಲು ರಬ್ಬರ್ ಪರದೆ ಇರುತ್ತದೆ, ಏಕೆಂದರೆ ಅವು ಎಲ್ಲ ಕಡೆಗೂ ವಾಲಿ ಕೆಲಸ ಮಾಡಬೇಕು. ಅವುಗಳಲ್ಲಿ ಈ ಅಳತೆಗಳನ್ನು ಹುಡುಕಬೇಡಿ.

ರೈತರ ಗಾಡಿಯ ಬಟ್ಟಲಿಗೆ ಹೊಸ ಗ್ಯಾಸ್ಕೆಟ್, ಟ್ಯಾಂಕಿನ ಮುಚ್ಚಳಕ್ಕೆ ಹೊಸ ರಬ್ಬರು, ಕಾಕಿಗೂ ಕಾರ್ಬೊರೇಟರಿಗೂ ನಡುವೆ ಒಂದು ಸಣ್ಣ ಫಿಲ್ಟರು ಹಾಕಿದೆ. ಫಿಲ್ಟರು ಇಲ್ಲದೆ ಹೋದರೆ ಅದೇ ನಾರಿನ ಎಳೆ ಹೊಸ ನೀಡಲಿನ ಅಡಿಗೂ ಬರುತ್ತದೆ. ಪಾರದರ್ಶಕ ಪೈಪು ಮತ್ತೆ ಕಟ್ಟಿ ಕಾಕ್ ತೆರೆದೆವು. ಗೆರೆಗಿಂತ ನಾಲ್ಕು ಮಿಲಿಮೀಟರ್ ಕೆಳಗೆ ಬಂದು ನಿಂತಿತು. ಹುಡುಗ ಆ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿದ. ಅರ್ಧ ಗಂಟೆ ಬಿಟ್ಟು ನೋಡಿದರೂ ಗುರುತಿನಲ್ಲೇ ಇತ್ತು. ಆಮೇಲೆ ಟ್ಯಾಂಕು ತುಂಬಿಸಿ, ಗ್ಯಾರೇಜಿನ ಹೊರಗೆ ನಡುಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಪೈಪಿನ ತುದಿಯನ್ನು ಒಣ ಗಾಜಿನ ಬಾಟಲಿಯಲ್ಲಿಟ್ಟು, ಆ ಒಂದು ರಾತ್ರಿ ಮಾತ್ರ ಪರೀಕ್ಷೆಗೆಂದು ಕಾಕ್ ತೆರೆದೇ ಬಿಟ್ಟೆವು. ಬೆಳಗ್ಗೆ ಹುಡುಗ ನನಗಿಂತ ಮೊದಲು ಬಂದು ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದ. ತಳ ಒಣಗಿಯೇ ಇತ್ತು.